100 ಸ್ಟಿಚ್‌ನ ಟೋಪಿಯ ನೆತ್ತಿ ಎಂಟಕ್ಕೆ ಭಾಗವಾಗುತ್ತಿಲ್ಲ: ಇಳಿಕೆಯನ್ನು ಸಮನಾಗಿ ಹಂಚುವುದು ಹೇಗೆ?

ಹೊಸಕಡ್ಡಿ

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ದೆಹಲಿಗೆ ಓದಲು ಹೋಗುವ ಮಗನಿಗಾಗಿ ಉಣ್ಣೆಯ ಟೋಪಿಯೊಂದನ್ನು ಹೆಣೆಯುತ್ತಿದ್ದೇನೆ. ಮಫ್ಲರ್ ಮತ್ತು ಮಗುವಿನ ಕುಲಾವಿ ಹೆಣೆದ ಅಭ್ಯಾಸವಿದೆ, ಆದರೆ ಸುತ್ತಿನಲ್ಲಿ ಹೆಣೆಯುತ್ತಿರುವುದು ಇದೇ ಮೊದಲು. ಮಧ್ಯಮ ದಪ್ಪದ ದಾರ, 4.5 ಮಿ.ಮೀ. ಕಡ್ಡಿ. ಮಾದರಿ ತುಂಡು ಹೆಣೆದು ಅಳೆದಾಗ 10 ಸೆಂ.ಮೀ. ಅಗಲಕ್ಕೆ 20 ಸ್ಟಿಚ್, 10 ಸೆಂ.ಮೀ. ಎತ್ತರಕ್ಕೆ 28 ಸಾಲು ಬಂದಿತು. ಮಗನ ತಲೆಯ ಸುತ್ತಳತೆ 55 ಸೆಂ.ಮೀ. ಟೋಪಿ ಸ್ವಲ್ಪ ಬಿಗಿಯಾಗಿರಲಿ ಎಂದು 50 ಸೆಂ.ಮೀ. ಲೆಕ್ಕ ಹಿಡಿದು 100 ಸ್ಟಿಚ್ ಹಾಕಿದೆ. ಎರಡು ಸೀದಾ ಎರಡು ಉಲ್ಟಾ ರಿಬ್ ಆದ್ದರಿಂದ ನಾಲ್ಕರಿಂದ ಭಾಗವಾದರೆ ಸಾಕು ಎಂದುಕೊಂಡಿದ್ದೆ.

ಈಗ ಅಂಚಿನಿಂದ 14 ಸೆಂ.ಮೀ. ಮೇಲೆ ಬಂದಿದ್ದೇನೆ, ನೆತ್ತಿಯನ್ನು ಆರಂಭಿಸಬೇಕು. ನೋಡಿದ ಕಡೆಯೆಲ್ಲ "ಎಂಟು ಭಾಗ ಮಾಡಿ, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಇಳಿಸಿ" ಎಂದಿದೆ. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ಅರ್ಧ ಸ್ಟಿಚ್ಚನ್ನು ನಾನು ಎಲ್ಲಿಂದ ತರಲಿ? ಪೂರ್ತಿ ಬಿಚ್ಚಿ 96 ಹಾಕಬೇಕೇ?

ಕ್ರೋಶಾ_ಮನೆ

ಮೇಡಂ, ಬಿಚ್ಚುವ ಅಗತ್ಯವೇ ಬರುವುದಿಲ್ಲ, ನೆತ್ತಿಯಿಂದಲೇ ಆರಂಭಿಸಿ. ನಡುವಿನ ಉಂಗುರದಲ್ಲಿ 6 ಸ್ಟಿಚ್ ಹಾಕಿ ಪ್ರತಿ ಸುತ್ತಿಗೂ 6 ಹೆಚ್ಚಿಸುತ್ತ ಹೋದರೆ ತಟ್ಟೆಯಂತೆ ಚಪ್ಪಟೆಯಾಗಿ ಬರುತ್ತದೆ. ಬೇಕಾದಷ್ಟು ಅಗಲವಾದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿದರೆ ತಾನಾಗಿ ಟೋಪಿಯಾಗುತ್ತದೆ. ನಾನು ಈವರೆಗೆ ಭಾಗಾಕಾರ ಮಾಡಿಯೇ ಇಲ್ಲ.

ಹೊಸಕಡ್ಡಿ

ಅಕ್ಕ, ಅದು ಕ್ರೋಶಾದ ಕ್ರಮವಲ್ಲವೇ? ನನ್ನದು ಎರಡು ಕಡ್ಡಿಯ ಹೆಣಿಗೆ, ಕೆಳಗಿನ ಅಂಚಿನಿಂದ ಮೇಲೆ ಬಂದಾಗಿದೆ.

ದಿಢೀರ್_ಹೆಣಿಗೆ

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಎಂಟೇ ಆಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ನೂರು ಹತ್ತರಿಂದ ಭಾಗವಾಗುತ್ತದೆ, ಹತ್ತು ಭಾಗ ಮಾಡಿ, ಒಂದೊಂದರಲ್ಲಿ ಹತ್ತು ಸ್ಟಿಚ್. ಸಂಖ್ಯೆ ನಿಶ್ಶೇಷವಾಗಿ ಭಾಗವಾದರೆ ಸಾಕು, ಯಾವ ಸಂಖ್ಯೆಯಿಂದ ಎಂಬುದು ಮುಖ್ಯವಲ್ಲ. ನಾನು ಐದು ಭಾಗ ಮಾಡಿಯೂ ಟೋಪಿ ಹೆಣೆದಿದ್ದೇನೆ.

ಮಡಿಕೇರಿ_ಉಣ್ಣೆ

ಬಿಚ್ಚಬೇಡಿ. ನಿಮ್ಮ ಟೋಪಿಯ ಗೋಡೆ 100 ಸ್ಟಿಚ್‌ನಲ್ಲಿಯೇ ಇರಲಿ, ತಲೆಗೆ ಸರಿಯಾದ ಅಳತೆ ಅದು. ನೆತ್ತಿಯನ್ನು ಆರಂಭಿಸುವ ಮೊದಲು ಒಂದೇ ಒಂದು ಸುತ್ತಿನಲ್ಲಿ ನಾಲ್ಕು ಸ್ಟಿಚ್ಚನ್ನು ಸಮ ಅಂತರದಲ್ಲಿ ಕಳೆದುಬಿಡಿ. 100 ಅನ್ನು 4ರಿಂದ ಭಾಗಿಸಿದರೆ 25. ಆದ್ದರಿಂದ 23 ಸೀದಾ ಹೆಣೆದು 2ನ್ನು ಒಟ್ಟಿಗೆ ಹೆಣೆಯಿರಿ; ಹೀಗೆ ನಾಲ್ಕು ಸಲ ಮಾಡಿದರೆ ಕಡ್ಡಿಯ ಮೇಲೆ 96 ಉಳಿಯುತ್ತದೆ. ಮೇಲೊಂದು ಸಾದಾ ಸುತ್ತು ಹೆಣೆದು ಎಂಟು ಭಾಗವನ್ನು ಆರಂಭಿಸಿ. ಐವತ್ತು ಸೆಂ.ಮೀ. ಸುತ್ತಳತೆಯಲ್ಲಿ ನಾಲ್ಕು ಕಡೆ ಒಂದೊಂದು ಸ್ಟಿಚ್ ಹೋದದ್ದು ಹೆಣೆದ ನಿಮಗೂ ಮರುದಿನ ಕಾಣುವುದಿಲ್ಲ.

ಇದನ್ನು ಇನ್ನೊಂದು ರೀತಿಯಲ್ಲಿಯೂ ನೋಡಬಹುದು. ನೂರನ್ನು ಎಂಟು ಕಿತ್ತಳೆ ತೊಳೆಗಳಾಗಿ ಮಾಡಲು ಹೊರಟರೆ ನಾಲ್ಕು ತೊಳೆಗೆ 13, ನಾಲ್ಕು ತೊಳೆಗೆ 12 ಬರುತ್ತದೆ. ದಪ್ಪ ತೊಳೆಗಳಿಂದ ಮೊದಲು ಒಂದೊಂದನ್ನು ತೆಗೆದು ಎಲ್ಲವನ್ನೂ 12ಕ್ಕೆ ತರುವುದಷ್ಟೇ ಆ ಒಂದು ಸುತ್ತಿನ ಕೆಲಸ.

ಆದರೆ ದಿಢೀರ್ ಅವರು ಹೇಳಿದ "ಯಾವ ಸಂಖ್ಯೆಯಿಂದ ಎಂಬುದು ಮುಖ್ಯವಲ್ಲ" ಎಂಬ ಮಾತನ್ನು ಒಪ್ಪಲಾರೆ. ಭಾಗಗಳ ಸಂಖ್ಯೆಯೇ ನೆತ್ತಿಯ ಆಕಾರವನ್ನು ನಿರ್ಧರಿಸುತ್ತದೆ. ಐದು ಭಾಗ ಮಾಡಿ ಸುತ್ತು ಬಿಟ್ಟು ಸುತ್ತು ಇಳಿಸಿದರೆ ಟೋಪಿ ಗೋಪುರದಂತೆ ಮೊನಚಾಗುತ್ತದೆ. ಹತ್ತು ಭಾಗ ಮಾಡಿ ಅದೇ ಲಯದಲ್ಲಿ ಇಳಿಸಿದರೆ ನೆತ್ತಿ ಬೇಗ ಮುಚ್ಚಿಕೊಂಡು ಅಂಚಿನಲ್ಲಿ ನೆರಿಗೆ ಕಟ್ಟುತ್ತದೆ, ಟೋಪಿಯೂ ಗಿಡ್ಡವಾಗುತ್ತದೆ.

ದಿಢೀರ್_ಹೆಣಿಗೆ

ನನ್ನ ಐದು ಭಾಗದ ಟೋಪಿ ಮೊನಚಾಗಿಯೇ ಬಂದಿತ್ತು, ಅದು ನಿಜ. ಅದನ್ನು ನಾನು ದಾರದ ದೋಷ ಎಂದುಕೊಂಡಿದ್ದೆ. ಆದರೆ ಹತ್ತು ಭಾಗವನ್ನು ಹಾಗೆ ತಳ್ಳಿಹಾಕಬೇಡಿ. ಮೊದಮೊದಲು ಎರಡು ಸಾದಾ ಸುತ್ತು ಬಿಟ್ಟು ಇಳಿಸಿದರೆ ನೆರಿಗೆ ಬರುವುದಿಲ್ಲ.

ಮಡಿಕೇರಿ_ಉಣ್ಣೆ

ಹೌದು, ಹಾಗೆ ಮಾಡಿದರೆ ಸರಿಹೋಗುತ್ತದೆ. ಭಾಗದ ಸಂಖ್ಯೆ ಮತ್ತು ನಡುವಿನ ಸಾದಾ ಸುತ್ತು ಎರಡನ್ನೂ ಸೇರಿಸಿಯೇ ನೋಡಬೇಕು. ನಾನು ಹೇಳಬೇಕಾದದ್ದನ್ನು ಅರ್ಧಕ್ಕೆ ನಿಲ್ಲಿಸಿದ್ದೆ.

ಗಣಿತದ_ಮೇಷ್ಟ್ರು

ನಾನು ಹೆಣೆಯುವವನಲ್ಲ, ನಮ್ಮ ಮನೆಯವರು ಹೆಣೆಯುತ್ತಾರೆ, ದಾರದ ಉಂಡೆ ಸುತ್ತುವುದು ಮತ್ತು ಲೆಕ್ಕ ಹಾಕುವುದು ನನ್ನ ಪಾಲಿನ ಕೆಲಸ. ಎಂಟೇ ಏಕೆ ಎಂಬ ಪ್ರಶ್ನೆಗೆ ಲೆಕ್ಕದಲ್ಲಿ ಉತ್ತರವಿದೆ.

ಚಪ್ಪಟೆಯಾದ ವೃತ್ತವೊಂದರಲ್ಲಿ ಅಂಚಿನಿಂದ ನಡುವಿನ ಕಡೆಗೆ ಒಂದು ಸೆಂ.ಮೀ. ಸರಿದರೆ ಸುತ್ತಳತೆ ಸುಮಾರು 6.28 ಸೆಂ.ಮೀ. ಕುಗ್ಗುತ್ತದೆ. ಈ ಮೇಡಂ ಅವರ ಅಳತೆಯಲ್ಲಿ ಒಂದು ಸೆಂ.ಮೀ. ಅಗಲಕ್ಕೆ 2 ಸ್ಟಿಚ್, ಒಂದು ಸೆಂ.ಮೀ. ಎತ್ತರಕ್ಕೆ 2.8 ಸುತ್ತು. ಅಂದರೆ 2.8 ಸುತ್ತು ಹೆಣೆಯುವಷ್ಟರಲ್ಲಿ ಸುಮಾರು 12.6 ಸ್ಟಿಚ್ ಕಡಿಮೆಯಾಗಬೇಕು, ಸುತ್ತೊಂದಕ್ಕೆ ಸರಿಸುಮಾರು 4.5. ಸುತ್ತು ಬಿಟ್ಟು ಸುತ್ತು ಇಳಿಸುವುದಾದರೆ ಇಳಿಸುವ ಸುತ್ತಿನಲ್ಲಿ 9. ಆದ್ದರಿಂದ ನಿಜವಾಗಿ ಬೇಕಾದದ್ದು ಒಂಬತ್ತು ಭಾಗ, ಎಂಟಲ್ಲ. 99 ಸ್ಟಿಚ್ ಇದ್ದಿದ್ದರೆ ಚೊಕ್ಕಟವಾಗುತ್ತಿತ್ತು.

ಮೇಲೆ ಕ್ರೋಶಾದ ಬಗ್ಗೆ ಬರೆದವರು ಪ್ರಶ್ನೆಯನ್ನು ಬೇರೆಯಾಗಿ ತಿಳಿದಿರಬಹುದು, ಆದರೆ ಅವರ 6 ಎಂಬ ಸಂಖ್ಯೆ ಇದೇ ಲೆಕ್ಕದಿಂದ ಬಂದದ್ದು. ಕ್ರೋಶಾದ ಗಿಡ್ಡ ಸ್ಟಿಚ್‌ನ ಅಗಲವೂ ಎತ್ತರವೂ ಬಹುಮಟ್ಟಿಗೆ ಒಂದೇ ಆದ್ದರಿಂದ ಅಲ್ಲಿ ಸುತ್ತೊಂದಕ್ಕೆ 6.28, ಅಂದರೆ ಸುಮಾರು 6. ಕಡ್ಡಿಯ ಹೆಣಿಗೆಯಲ್ಲಿ ಸ್ಟಿಚ್ ಅಗಲಕ್ಕಿಂತ ಗಿಡ್ಡವಾಗಿರುವುದರಿಂದ ಅದು 4.5ಕ್ಕೆ ಇಳಿಯುತ್ತದೆ.

ಕ್ರೋಶಾ_ಮನೆ

ಇಷ್ಟು ವರ್ಷ ಆರು ಆರು ಎಂದು ಹೆಚ್ಚಿಸುತ್ತಲೇ ಬಂದಿದ್ದೇನೆ, ಅದು ವೃತ್ತದ ಸುತ್ತಳತೆಯ ಲೆಕ್ಕ ಎಂದು ಇವತ್ತು ಗೊತ್ತಾಯಿತು. ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆದದ್ದಕ್ಕೆ ಕ್ಷಮೆಯಿರಲಿ.

ಮಡಿಕೇರಿ_ಉಣ್ಣೆ

ಮೇಷ್ಟ್ರೇ, ಲೆಕ್ಕ ಸರಿ, ಆದರೆ ನೀವು ಲೆಕ್ಕ ಹಾಕಿರುವುದು ಚಪ್ಪಟೆ ತಟ್ಟೆಗೆ. ತಲೆ ತಟ್ಟೆಯಲ್ಲವಲ್ಲ. ಒಂಬತ್ತಕ್ಕಿಂತ ತುಸು ಕಡಿಮೆ ಇಳಿಸಿದರೆ ನೆತ್ತಿ ಸ್ವಲ್ಪ ಉಬ್ಬಿಕೊಂಡು ತಲೆಯ ದುಂಡಿಗೆ ಹೊಂದಿಕೊಳ್ಳುತ್ತದೆ. ಎಂಟು ಚೆನ್ನಾಗಿ ಕೂರುವುದು ಅದಕ್ಕೇ. ಆರಾದರೆ ಆ ಉಬ್ಬು ಹೆಚ್ಚಾಗುತ್ತದೆ. ಕೊನೆಯವರೆಗೂ ಸುತ್ತು ಬಿಟ್ಟು ಸುತ್ತು ಇಳಿಸಿದರೆ ತುದಿ ಎದ್ದು ನಿಲ್ಲುತ್ತದೆ. 96ನ್ನು ಆರು ಭಾಗ ಮಾಡಿದರೆ ಒಂದೊಂದರಲ್ಲಿ 16, ಅದು ಒಂದಕ್ಕೆ ಇಳಿಯಲು 15 ಇಳಿಕೆಯ ಸುತ್ತು, ಸಾದಾ ಸುತ್ತೂ ಸೇರಿದರೆ 30 ಸುತ್ತು. ಇವರ ಅಳತೆಯಲ್ಲಿ ಅದು 10 ಸೆಂ.ಮೀ.ಗೂ ಮೀರುತ್ತದೆ, ಚಪ್ಪಟೆಯಾಗಿ ಮುಚ್ಚಲು ಅಂಚಿನಿಂದ ನಡುವಿನವರೆಗೆ ಬೇಕಾದದ್ದು ಎಂಟು ಸೆಂ.ಮೀ.ಯೂ ಇಲ್ಲ. ಆರು ಭಾಗವನ್ನೇ ಇಷ್ಟಪಡುವವರು ಒಟ್ಟು ಸ್ಟಿಚ್‌ನಲ್ಲಿ ಅರ್ಧದಷ್ಟು ಉಳಿದ ಮೇಲೆ ಪ್ರತಿ ಸುತ್ತಿನಲ್ಲಿಯೂ ಇಳಿಸಬೇಕಾಗುತ್ತದೆ.

ಹೊಸಕಡ್ಡಿ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ 23 ಸೀದಾ, 2 ಒಟ್ಟಿಗೆ ಎಂದು ಹೆಣೆದು 96ಕ್ಕೆ ತಂದೆ. ಎರಡು ಸಲ ಎಣಿಸಿದ್ದೇನೆ, 96 ಸರಿಯಾಗಿಯೇ ಇದೆ. ಬೆಳಿಗ್ಗೆ ಎಂಟು ಭಾಗಕ್ಕೆ ಹೊರಟೆ. 96ನ್ನು ಎಂಟರಿಂದ ಭಾಗಿಸಿದರೆ 12 ತಾನೇ? 12 ಸೀದಾ ಹೆಣೆದೆ, 2ನ್ನು ಒಟ್ಟಿಗೆ ಹೆಣೆದೆ, ಮತ್ತೆ 12, ಮತ್ತೆ 2 ಒಟ್ಟಿಗೆ. ಆರು ಸಲ ಆಗುವಷ್ಟರಲ್ಲಿ ಸುತ್ತಿನ ಕೊನೆಯ ಮಾರ್ಕರ್ ಹತ್ತಿರ ಬಂದುಬಿಟ್ಟಿತು, ಉಳಿದದ್ದು 12 ಸ್ಟಿಚ್ ಮಾತ್ರ. ಎಂಟು ಇಳಿಕೆ ಬರಬೇಕಾದಲ್ಲಿ ಆರೇ ಬಂದಿದೆ. ನಿಶ್ಶೇಷವಾಗಿ ಭಾಗವಾದ ಸಂಖ್ಯೆಯಲ್ಲಿ ಶೇಷ ಉಳಿದದ್ದು ಹೇಗೆ?

ಮಡಿಕೇರಿ_ಉಣ್ಣೆ

ಒಟ್ಟಿಗೆ ಹೆಣೆಯುವ ಆ ಎರಡು ಸ್ಟಿಚ್ ಕೂಡ 12ರ ಒಳಗೇ ಸೇರಬೇಕು. 12 ಸೀದಾ ಹೆಣೆದು ಆಮೇಲೆ ಎರಡನ್ನು ಸೇರಿಸಿದರೆ ಒಂದು ಭಾಗಕ್ಕೆ 14 ಸ್ಟಿಚ್ ಖರ್ಚಾಗುತ್ತದೆ. 14ನ್ನು ಆರು ಸಲ ಮಾಡಿದರೆ 84, ಉಳಿದದ್ದು 12. ನಿಮ್ಮ ಕಡ್ಡಿಯ ಮೇಲೆ ಆದದ್ದು ಇದೇ.

ಹೆಣೆಯಬೇಕಾದದ್ದು 10 ಸೀದಾ, 2 ಒಟ್ಟಿಗೆ. ಅದು 12ನ್ನು ತಿಂದು 11ನ್ನು ಬಿಡುತ್ತದೆ. ಎಂಟು ಸಲ ಆದಾಗ 88. ಸಾದಾ ಸುತ್ತೊಂದು. ಮುಂದಿನ ಇಳಿಕೆಯ ಸುತ್ತಿನಲ್ಲಿ 9 ಸೀದಾ, 2 ಒಟ್ಟಿಗೆ, 80 ಉಳಿಯುತ್ತದೆ. ಆಮೇಲೆ 8, 7, 6 ಎಂದು ಸೀದಾ ಸ್ಟಿಚ್ ಒಂದೊಂದೇ ಕಡಿಮೆಯಾಗುತ್ತ ಹೋಗುತ್ತದೆ, ಒಟ್ಟು ಪ್ರತಿ ಸಲ ಎಂಟು ಕಡಿಮೆ. ಬಾಯಿಪಾಠ ಮಾಡಬೇಕಾದದ್ದು ಏನೂ ಇಲ್ಲ; ಪ್ರತಿ ಭಾಗದ ಕೊನೆಗೆ ಒಂದು ಮಾರ್ಕರ್ ಹಾಕಿಬಿಟ್ಟರೆ ಮಾರ್ಕರ್‌ಗೆ ಎರಡು ಸ್ಟಿಚ್ ಇರುವಾಗ ಆ ಎರಡನ್ನು ಒಟ್ಟಿಗೆ ಹೆಣೆದರಾಯಿತು. ಮಾರ್ಕರ್ ಇಲ್ಲದಿದ್ದರೆ ಬೇರೆ ಬಣ್ಣದ ದಾರದ ಚಿಕ್ಕ ಕುಣಿಕೆ ಸಾಕು. ಸುತ್ತಿನ ಆರಂಭದ್ದು ಮಾತ್ರ ಉಳಿದ ಏಳಕ್ಕಿಂತ ಬೇರೆ ಬಣ್ಣದ್ದಿರಲಿ.

ತಪ್ಪು ಎಲ್ಲಾಗಿದೆ ಎಂಬುದು ಮೊದಲ ಇಳಿಕೆಯ ಸುತ್ತಿನಲ್ಲೇ ತಿಳಿಯುತ್ತದೆ. ಎರಡು ಮಾರ್ಕರ್‌ಗಳ ನಡುವೆ 11 ಇಲ್ಲದಿದ್ದರೆ ಆ ಭಾಗವೊಂದನ್ನು ಮಾತ್ರ ನೋಡಿದರೆ ಸಾಕು, ಸುತ್ತನ್ನೆಲ್ಲ ಎಣಿಸುವ ಕಷ್ಟವಿಲ್ಲ.

ದಿಢೀರ್_ಹೆಣಿಗೆ

ಹೊಸಕಡ್ಡಿಯವರೇ, ಹೆಣೆದ ಸುತ್ತನ್ನು ಬಿಚ್ಚುವ ಅಗತ್ಯವಿಲ್ಲ. ಉಳಿದ 12 ಸ್ಟಿಚ್‌ನಲ್ಲಿ 4 ಸೀದಾ, 2 ಒಟ್ಟಿಗೆ ಎಂದು ಎರಡು ಸಲ ಮಾಡಿ. ಆರು ಮತ್ತು ಎರಡು ಸೇರಿ ಎಂಟು ಇಳಿಕೆ, ಕಡ್ಡಿಯ ಮೇಲೆ 88. ಮುಂದಿನ ಸುತ್ತಿಗೆ 11ರ ಎಂಟು ಭಾಗ ಸಿಕ್ಕಿಬಿಡುತ್ತದೆ. ನಾನು ಇಂಥ ಸಂದರ್ಭಗಳಲ್ಲಿ ಹೀಗೆಯೇ ಮಾಡುತ್ತೇನೆ.

ಮಡಿಕೇರಿ_ಉಣ್ಣೆ

ಸಂಖ್ಯೆ ಸರಿಹೋಗುತ್ತದೆ, ಜಾಗ ಸರಿಹೋಗುವುದಿಲ್ಲ. ಮೊದಲ ಆರು ಇಳಿಕೆಗಳ ನಡುವೆ 12 ಸ್ಟಿಚ್ ಅಂತರವಿದೆ, ಕೊನೆಯ ಎರಡಕ್ಕೆ 4. ಒಂದೇ ಬದಿಯಲ್ಲಿ ಮೂರು ಇಳಿಕೆಗಳು ಒಟ್ಟೊಟ್ಟಿಗೆ ಬರುತ್ತವೆ. ಅಲ್ಲದೆ ಮುಂದಿನ ಸುತ್ತಿನಲ್ಲಿ 11ರ ಲೆಕ್ಕ ಹಿಡಿದಾಗ ಹೊಸ ಇಳಿಕೆಗಳು ಹಳೆಯವುಗಳ ಮೇಲೆ ಕೂರುವುದಿಲ್ಲ, ಆದ್ದರಿಂದ ನೆತ್ತಿಯ ಎಂಟು ಗೆರೆಗಳು ಬುಡದಲ್ಲಿಯೇ ತಪ್ಪಿರುತ್ತವೆ.

ದಿಢೀರ್_ಹೆಣಿಗೆ

ಒಂದು ಸುತ್ತಿನ ವ್ಯತ್ಯಾಸ ಎಷ್ಟು ಅಂತೀರಿ? ಒಂದು ಸುತ್ತಿನ ಎತ್ತರ ನಾಲ್ಕು ಮಿ.ಮೀ. ಕೂಡ ಇಲ್ಲ. ತೊಳೆದು ಒಣಗಿಸಿದರೆ ಉಣ್ಣೆ ತಾನೇ ಸಮವಾಗಿ ಕೂರುತ್ತದೆ. ದೆಹಲಿಯ ಚಳಿಯಲ್ಲಿ ಹುಡುಗನ ನೆತ್ತಿಯನ್ನು ಯಾರು ಅಳೆಯುತ್ತಾರೆ?

ಮಡಿಕೇರಿ_ಉಣ್ಣೆ

ಅದೂ ನಿಜವೇ, ಒಂದು ಸುತ್ತು ಮಾತ್ರವಾದರೆ ಆಕಾರ ಕೆಡುವುದಿಲ್ಲ. ಕೆಡುವುದು ನೋಟ. ಗಾಢ ಬಣ್ಣದ ರೋಮದ ದಾರವಾದರೆ ನಾನೂ ಬಿಚ್ಚದೆ ಬಿಡಬಹುದು. ತಿಳಿ ಬಣ್ಣದ ನುಣುಪು ದಾರವಾದರೆ ಎರಡನ್ನು ಒಟ್ಟಿಗೆ ಹೆಣೆದ ಗೆರೆ ಎದ್ದು ಕಾಣುತ್ತದೆ, ಆಗ ಬಿಚ್ಚುತ್ತೇನೆ. ಹೊಸಕಡ್ಡಿಯವರ ದಾರ ಯಾವುದು?

ಹೊಸಕಡ್ಡಿ

ತಿಳಿ ಬೂದು, ನುಣುಪಾದದ್ದು. ಹಾಗಾಗಿ ಬಿಚ್ಚಿದೆ. ಬಲಗೈ ಕಡ್ಡಿಯಿಂದ ಒಂದೊಂದೇ ಸ್ಟಿಚ್ಚನ್ನು ಎಡಗೈ ಕಡ್ಡಿಗೆ ವಾಪಸು ತರುತ್ತ ಅರ್ಧ ಗಂಟೆ ಹಿಡಿಯಿತು. ಒಟ್ಟಿಗೆ ಹೆಣೆದ ಜಾಗಕ್ಕೆ ಬಂದಾಗ ಒಂದರ ಕೆಳಗೆ ಎರಡು ಕುಣಿಕೆ ಕಾದು ನಿಂತಿದ್ದವು. ಅವುಗಳಲ್ಲಿ ಒಂದು ಜಾರಿ ಎರಡು ಸಾಲು ಕೆಳಗೆ ಇಳಿದುಬಿಟ್ಟಿತು, ಕ್ರೋಶಾ ಕಡ್ಡಿಯಿಂದ ಎತ್ತಿದೆ. ಮಗಳ ಕೂದಲಿನ ಪುಟ್ಟ ರಬ್ಬರ್ ಬ್ಯಾಂಡ್‌ಗಳನ್ನೇ ಮಾರ್ಕರ್ ಮಾಡಿದ್ದೇನೆ. ಈಗ 88 ಇದೆ, ಎಂಟೂ ಭಾಗದಲ್ಲಿ 11.

ಇನ್ನೊಂದು ಪ್ರಶ್ನೆ. ಕೊನೆಯವರೆಗೂ ನಡುವೆ ಸಾದಾ ಸುತ್ತು ಹೆಣೆಯಬೇಕೇ?

ಮಡಿಕೇರಿ_ಉಣ್ಣೆ

ನಿಮ್ಮ 12 ಸ್ಟಿಚ್‌ನ ಭಾಗ ಒಂದಕ್ಕೆ ಇಳಿಯಲು ಒಟ್ಟು 11 ಇಳಿಕೆಯ ಸುತ್ತು ಬೇಕು. ಪ್ರತಿಯೊಂದರ ನಂತರವೂ ಸಾದಾ ಸುತ್ತು ಹೆಣೆದರೆ 22 ಸುತ್ತು, ಸುಮಾರು 8 ಸೆಂ.ಮೀ. ನೀವು ಈಗಾಗಲೇ 14 ಸೆಂ.ಮೀ. ಹೆಣೆದಿದ್ದೀರಿ, ಸೇರಿದರೆ 22. ಅಂಚು ಮಡಿಸಿ ಹಾಕುವವನಾದರೆ ಇದು ಚೆನ್ನಾಗಿರುತ್ತದೆ. ಮಡಿಸದೆ ಹಾಕುವವನಾದರೆ 40 ಸ್ಟಿಚ್ ಉಳಿಯುವವರೆಗೆ ಸಾದಾ ಸುತ್ತು ಬಿಡುತ್ತ ಬಂದು, ಅಲ್ಲಿಂದ 32, 24, 16, 8 ಎಂದು ಪ್ರತಿ ಸುತ್ತಿನಲ್ಲಿಯೂ ಇಳಿಸಿ. ಆಗ 18 ಸುತ್ತು, ಆರೂವರೆ ಸೆಂ.ಮೀ. ಕೊನೆಯ ಭಾಗ ಬೇಗ ಮುಚ್ಚಿಕೊಳ್ಳುವುದರಿಂದ ನಡುವೆ ಸಣ್ಣ ನೆರಿಗೆ ಬಂದಂತೆ ಕಾಣಬಹುದು, ತಲೆಗೆ ಹಾಕಿ ಎಳೆದಾಗ ಅದು ಹೋಗುತ್ತದೆ.

80 ಸ್ಟಿಚ್‌ಗಿಂತ ಕಡಿಮೆಯಾಗುತ್ತ ಹೋದಂತೆ 40 ಸೆಂ.ಮೀ.ಯ ಸರ್ಕ್ಯುಲರ್ ಕಡ್ಡಿಗೆ ಹೆಣಿಗೆ ಎಟುಕುವುದಿಲ್ಲ, ಎಳೆದು ಹಿಡಿಯಬೇಕಾಗುತ್ತದೆ. ಆಗ ಎರಡೂ ಕಡೆ ಮೊನೆಯಿರುವ ನಾಲ್ಕು ಕಡ್ಡಿಗೆ ಬದಲಾಯಿಸಿಕೊಳ್ಳಿ, ಒಂದೊಂದು ಕಡ್ಡಿಗೆ ಎರಡೆರಡು ಭಾಗ, ಐದನೆಯದರಿಂದ ಹೆಣೆಯುವುದು. ಎಂಟು ಭಾಗದ ಇನ್ನೊಂದು ಅನುಕೂಲ ಅದು.

ಟೊರೊಂಟೊ_ಸೊಸೆ

ನಡುವೆ ಬಂದದ್ದಕ್ಕೆ ಕ್ಷಮಿಸಿ, ನನ್ನದೂ ಇದೇ ತೊಂದರೆ. ಅತ್ತೆಯವರಿಗಾಗಿ ಎರಡು ಬಣ್ಣದ ಹೂವಿನ ಟೋಪಿ ಹೆಣೆಯುತ್ತಿದ್ದೇನೆ. ಒಂದು ಹೂವಿಗೆ 14 ಸ್ಟಿಚ್, ಏಳು ಹೂವು, ಒಟ್ಟು 98. ಎಂಟಕ್ಕೆ ಭಾಗವಾಗುವುದಿಲ್ಲ. ಮೇಲೆ ಹೇಳಿದಂತೆ ಎರಡು ಸ್ಟಿಚ್ ಕಳೆದು 96 ಮಾಡಿದರೆ ನೆತ್ತಿಯ ಗೆರೆಗಳು ಹೂವಿನ ನಡುವೆ ಎಲ್ಲೆಲ್ಲೋ ಬೀಳುತ್ತವೆ. ಏಳು ಭಾಗ ಮಾಡುವುದು ತಪ್ಪೇ?

ಗಣಿತದ_ಮೇಷ್ಟ್ರು

ಏಳು ಆರಕ್ಕೂ ಎಂಟಕ್ಕೂ ನಡುವಿನದು, ಆಕಾರವೂ ನಡುವಿನದೇ ಬರುತ್ತದೆ. 14 ಒಂದಕ್ಕೆ ಇಳಿಯಲು 13 ಇಳಿಕೆ. ತಪ್ಪೇನಿಲ್ಲ ಎಂದು ನನ್ನ ಲೆಕ್ಕ.

ಮಡಿಕೇರಿ_ಉಣ್ಣೆ

ಭಾಗದ ವಿಷಯದಲ್ಲಿ ಮೇಷ್ಟ್ರು ಹೇಳಿದ್ದು ಸರಿ, ಚಿತ್ರವಿರುವ ಟೋಪಿಯಲ್ಲಿ ಚಿತ್ರ ಎಷ್ಟು ಸಲ ಬರುತ್ತದೆಯೋ ಅಷ್ಟೇ ಭಾಗ ಮಾಡುವುದು ಒಳ್ಳೆಯದು. ಆದರೆ ಒಂದು ಮಾತು. ಎರಡು ದಾರ ಹಿಡಿದು ಹೆಣೆದಾಗ ಸ್ಟಿಚ್ ಚೌಕಕ್ಕೆ ಹತ್ತಿರವಾಗುತ್ತದೆ, ಅಂದರೆ ಅಗಲಕ್ಕೂ ಎತ್ತರಕ್ಕೂ ವ್ಯತ್ಯಾಸ ಕಡಿಮೆ. ಹಾಗಾದಾಗ ಮೇಷ್ಟ್ರ 4.5 ನಿಮಗೆ ಅನ್ವಯಿಸುವುದಿಲ್ಲ, ಅದು ಕ್ರೋಶಾದ 6ರ ಕಡೆಗೆ ಸರಿಯುತ್ತದೆ. ಸುತ್ತು ಬಿಟ್ಟು ಸುತ್ತು ಏಳೇಳು ಇಳಿಸಿದರೆ ನಿಮ್ಮ ಟೋಪಿ ನೀವು ಎಣಿಸಿದ್ದಕ್ಕಿಂತ ಮೊನಚಾಗಬಹುದು. ಹೆಣೆದ ಗೋಡೆಯ ಮೇಲೆಯೇ ಅಳೆದುನೋಡಿ, 10 ಸೆಂ.ಮೀ.ಗೆ ಎಷ್ಟು ಸ್ಟಿಚ್, ಎಷ್ಟು ಸಾಲು?

ಟೊರೊಂಟೊ_ಸೊಸೆ

ಅಗಲಕ್ಕೆ 20, ಎತ್ತರಕ್ಕೆ 22.

ಗಣಿತದ_ಮೇಷ್ಟ್ರು

ಹಾಗಾದರೆ ಸುತ್ತೊಂದಕ್ಕೆ 5.7. ಏಳು ಭಾಗ, ಸುತ್ತು ಬಿಟ್ಟು ಸುತ್ತು ಎಂದರೆ 3.5 ಮಾತ್ರ. ಬಹಳ ಕಡಿಮೆಯಾಯಿತು. ನಾನು ಆತುರಪಟ್ಟೆ. ಎರಡು ಸುತ್ತು ಇಳಿಸಿ ಒಂದು ಸುತ್ತು ಸಾದಾ ಹೆಣೆದರೆ ಸರಾಸರಿ 4.7 ಬರುತ್ತದೆ, ಅದು ಸರಿಹೋದೀತು.

ಮಡಿಕೇರಿ_ಉಣ್ಣೆ

ಲೆಕ್ಕಕ್ಕೆ ಸರಿ. ಆದರೆ ಹೂವಿನ ಎಸಳು ಸುತ್ತುಸುತ್ತಿಗೂ ಕಿರಿದಾಗುವಾಗ ಸತತವಾಗಿ ಎರಡು ಸುತ್ತು ಇಳಿಸಿದರೆ ಚಿತ್ರ ಏನಾಗುತ್ತದೆ ಎಂಬುದನ್ನು ಚೌಕದ ಹಾಳೆಯಲ್ಲಿ ಬರೆದು ನೋಡದೆ ಹೇಳಲಾರೆ. ಎರಡು ಭಾಗಗಳ ನಡುವಿನ ಒಂದು ಸ್ಟಿಚ್ಚನ್ನು ಗೆರೆಯಂತೆ ಉಳಿಸಿಕೊಂಡು ಅದರ ಎರಡು ಪಕ್ಕದಲ್ಲಿಯೂ ಒಂದೊಂದನ್ನು ಇಳಿಸುವವರೂ ಇದ್ದಾರೆ. ಆಗ ಒಂದು ಇಳಿಕೆಯ ಸುತ್ತಿನಲ್ಲಿ 14 ಹೋಗುತ್ತದೆ, ನಡುವೆ ಎರಡು ಸಾದಾ ಸುತ್ತು ಬಿಡಬಹುದು, ಹೂವೂ ಎರಡೂ ಬದಿಯಿಂದ ಸಮವಾಗಿ ಕಿರಿದಾಗುತ್ತದೆ. ನನಗೆ ಅದು ಹೆಚ್ಚು ಇಷ್ಟ.

ದಿಢೀರ್_ಹೆಣಿಗೆ

ಅಥವಾ ನೆತ್ತಿಯನ್ನು ಒಂದೇ ಬಣ್ಣದಲ್ಲಿ ಮುಗಿಸಿಬಿಡಿ. ಹೂವು ಗೋಡೆಯ ಮೇಲಿದ್ದರೆ ಸಾಕು.

ಟೊರೊಂಟೊ_ಸೊಸೆ

ಅತ್ತೆಯವರು ಹೂವು ನೆತ್ತಿಯವರೆಗೂ ಬರಲೇಬೇಕೆಂದಿದ್ದಾರೆ. ವಾರಾಂತ್ಯದಲ್ಲಿ ಎರಡೂ ಬಗೆಯನ್ನು ಹಾಳೆಯ ಮೇಲೆ ಬರೆದು ಚಿತ್ರ ಹಾಕುತ್ತೇನೆ.

ಹೊಸಕಡ್ಡಿ

ನನ್ನದು ಮುಗಿಯಿತು. 40 ಉಳಿದ ಮೇಲೆ ಪ್ರತಿ ಸುತ್ತಿನಲ್ಲಿಯೂ ಇಳಿಸಿದೆ. ಕೊನೆಯಲ್ಲಿ 8 ಸ್ಟಿಚ್, ಭಾಗಕ್ಕೊಂದು. ದಾರವನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ದಪ್ಪ ಸೂಜಿಗೆ ಪೋಣಿಸಿ, ಎಂಟರ ಒಳಗೂ ಎರಡು ಸುತ್ತು ಹಾಯಿಸಿ ಎಳೆದೆ; ನಡುವಿನ ತೂತು ಪೂರ್ತಿ ಮುಚ್ಚಿತು. ನೆತ್ತಿ ಅಳೆದರೆ ಆರೂವರೆ ಸೆಂ.ಮೀ.ಗೆ ಸ್ವಲ್ಪ ಕಡಿಮೆ. ಎಂಟೂ ಗೆರೆಗಳು ಬಲಕ್ಕೆ ವಾಲಿ ಚಕ್ರದಂತೆ ಸುತ್ತಿಕೊಂಡಿವೆ. ಅವು ನೇರವಾಗಿ ಬರುತ್ತವೆ ಎಂದುಕೊಂಡಿದ್ದೆ, ಇದು ಹೀಗೆಯೇ ಇರಬೇಕೇ?

ಮಡಿಕೇರಿ_ಉಣ್ಣೆ

ಎರಡನ್ನು ಒಟ್ಟಿಗೆ ಸೀದಾ ಹೆಣೆದರೆ ಮೇಲಿನ ಸ್ಟಿಚ್ ಬಲಕ್ಕೆ ವಾಲುತ್ತದೆ. ಎಂಟು ಕಡೆಯೂ ಒಂದೇ ದಿಕ್ಕಿಗೆ ವಾಲುವುದರಿಂದ ಚಕ್ರದಂತೆ ಕಾಣುತ್ತದೆ, ಅದು ತಪ್ಪಲ್ಲ. ನೇರ ಗೆರೆ ಬೇಕಾದವರು ನಾಲ್ಕು ಭಾಗ ಮಾಡಿ, ಒಂದೊಂದರಲ್ಲಿ ಮೂರು ಸ್ಟಿಚ್ಚನ್ನು ಒಂದಾಗಿಸುತ್ತಾರೆ, ನಡುವಿನದು ಮೇಲೆ ಬರುವಂತೆ. ಅಲ್ಲಿಯೂ ಸುತ್ತಿಗೆ ಎಂಟೇ ಹೋಗುತ್ತದೆ.

ಕ್ರೋಶಾ_ಮನೆ

ನನಗಂತೂ ಚಕ್ರವೇ ಚೆಂದ ಕಾಣುತ್ತದೆ. ಫೋಟೊ ಹಾಕಿ.